ಸಾಲ ಮಂಜೂರು ಮಾಡಿದ ಬ್ಯಾಂಕೇ ರದ್ದು ಮಾಡಿದರೆ, ಕಟ್ಟಿದ ಪ್ರೊಸೆಸಿಂಗ್ ಫೀ ವಾಪಸ್ ಕೇಳುವುದು ಹೇಗೆ?

ಮನೆ ಸಾಲಕ್ಕೆ ಅರ್ಜಿ ಹಾಕಿದಿರಿ. ಫೀ ಕಟ್ಟಿದಿರಿ. ಸ್ಯಾಂಕ್ಷನ್ ಲೆಟರ್ ಕೈಗೆ ಬಂತು. ಅದನ್ನು ನಂಬಿ ಮನೆ ಮಾರುವವರಿಗೆ ಅಡ್ವಾನ್ಸ್ ಕೊಟ್ಟಿರಿ. ಆಮೇಲೆ ಒಂದು ದಿನ ಬ್ಯಾಂಕಿನಿಂದ ನಾಲ್ಕು ಸಾಲಿನ ಇಮೇಲ್ ಬರುತ್ತದೆ: ನಿಮ್ಮ ಸಾಲದ ಮಂಜೂರಾತಿ ರದ್ದಾಗಿದೆ. ಫೀ ಏನಾಯ್ತು ಎಂದು ಕೇಳಿದರೆ, ‘ಅದು ನಾನ್-ರಿಫಂಡಬಲ್ ಸರ್’ ಎಂಬ ಉತ್ತರ.

ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ‘ಸಾಲ ಯಾಕೆ ರದ್ದು ಮಾಡಿದಿರಿ’ ಎಂದು ಜಗಳಕ್ಕೆ ನಿಂತು, ಗೆಲ್ಲಬಹುದಾಗಿದ್ದ ಫೀ ವಿಷಯವನ್ನೂ ಕಳೆದುಕೊಳ್ಳುತ್ತಾರೆ. ಸಾಲ ಕೊಡುವುದು ಬಿಡುವುದು ಒಂದು ಪ್ರಶ್ನೆ. ತೆಗೆದುಕೊಂಡ ಫೀ ಇಟ್ಟುಕೊಳ್ಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನು ಬೇರೆ ಮಾಡಿ ನೋಡಿದರೆ ದಾರಿ ಸುಲಭವಾಗುತ್ತದೆ.

## ಫೀ ಯಾವುದಕ್ಕೆ, ಮಂಜೂರಾತಿ ಅಂದರೆ ಏನು

ಪ್ರೊಸೆಸಿಂಗ್ ಫೀ ಅಂದರೆ ನಿಮ್ಮ ಅರ್ಜಿ ಪರಿಶೀಲಿಸಿ, ಸಾಲ ಕೊಡುವ ಹಂತಕ್ಕೆ ತರುವ ಕೆಲಸಕ್ಕೆ ಬ್ಯಾಂಕ್ ತೆಗೆದುಕೊಳ್ಳುವ ಶುಲ್ಕ. ಸಂಬಳದ ಚೀಟಿ ನೋಡುವುದು, ಸಿಬಿಲ್ ವರದಿ ತರಿಸುವುದು, ಎಷ್ಟು ಸಾಲ ಕೊಡಬಹುದೆಂದು ಲೆಕ್ಕ ಹಾಕುವುದು, ಮೇಲಧಿಕಾರಿಯ ಒಪ್ಪಿಗೆ ಪಡೆಯುವುದು, ಕಾಗದಪತ್ರ ಸಿದ್ಧಪಡಿಸುವುದು ಎಲ್ಲ ಇದರಲ್ಲಿ ಬರುತ್ತವೆ. ಸಾಮಾನ್ಯವಾಗಿ ಸಾಲದ ಮೊತ್ತದ ಮೇಲೆ ಶೇಕಡಾ ಇಷ್ಟು ಅಂತ ಇರುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ.

ಇದರ ಜೊತೆಗೆ ಬೇರೆ ಖರ್ಚುಗಳೂ ಸೇರಿರುತ್ತವೆ. ಆಸ್ತಿ ಪತ್ರ ನೋಡುವ ಪ್ಯಾನೆಲ್ ವಕೀಲರ ಫೀ, ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಫೀ. ಇವು ಬ್ಯಾಂಕಿನ ಮೂಲಕ ಹೋದರೂ ಹೊರಗಿನವರಿಗೆ ಸೇರುವ ಹಣ. ಕೆಲವು ಕಡೆ ಅರ್ಜಿ ಕೊಡುವಾಗಲೇ ಸಣ್ಣ ಮೊತ್ತವನ್ನು ‘ಲಾಗಿನ್ ಫೀ’ ಎಂದು ತೆಗೆದುಕೊಂಡು, ಮಂಜೂರಾದ ಮೇಲೆ ಉಳಿದ ಫೀ ತೆಗೆದುಕೊಳ್ಳುತ್ತಾರೆ. ವಾಪಸ್ ಕೇಳುವಾಗ ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇನ್ನು ಮಂಜೂರಾತಿ. ಸ್ಯಾಂಕ್ಷನ್ ಲೆಟರ್ ಅಂದರೆ ‘ಈ ಷರತ್ತುಗಳಿಗೆ ಒಳಪಟ್ಟು ಇಷ್ಟು ಸಾಲ ಕೊಡಲು ಒಪ್ಪಿದ್ದೇವೆ’ ಎಂಬ ಪತ್ರ. ಹಣ ಕೈಗೆ ಬರುವುದು ಡಿಸ್ಬರ್ಸ್‌ಮೆಂಟ್ ಹಂತದಲ್ಲಿ. ಇವೆರಡರ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆಯುತ್ತವೆ. ಪತ್ರದಲ್ಲಿ ಅದು ಎಷ್ಟು ದಿನ ಊರ್ಜಿತ ಎಂದು ಬರೆದಿರುತ್ತದೆ. ‘ಆಸ್ತಿ ಪತ್ರಗಳು ಸರಿಯಾಗಿದ್ದರೆ’, ‘ನಿಮ್ಮ ಹಣಕಾಸಿನ ಸ್ಥಿತಿ ಬದಲಾಗದಿದ್ದರೆ’ ಎಂಬಂಥ ಷರತ್ತುಗಳೂ ಇರುತ್ತವೆ. ‘ಇನ್-ಪ್ರಿನ್ಸಿಪಲ್’ ಮಂಜೂರಾತಿ ಎಂದರೆ ಇನ್ನೂ ಸಡಿಲ. ಅದು ನಿಮ್ಮ ಆದಾಯ ನೋಡಿ ಮಾತ್ರ ಕೊಟ್ಟದ್ದು, ಆಸ್ತಿ ನೋಡಿರುವುದಿಲ್ಲ. ನಿಮ್ಮ ಕೈಲಿರುವುದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಬಟ್ಟೆ ಹೊಲಿಸಲು ಕೊಟ್ಟಿದ್ದೀರಿ ಅಂದುಕೊಳ್ಳಿ. ದರ್ಜಿ ಪೂರ್ತಿ ಕೂಲಿ ಮೊದಲೇ ತೆಗೆದುಕೊಂಡು, ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಆಮೇಲೆ ‘ನಾನು ಹೊಲಿಯಲ್ಲ’ ಅಂದ. ಒಂದಿಷ್ಟು ಕೆಲಸ ಮಾಡಿದ್ದಾನೆ, ನಿಜ. ಆದರೆ ಕೂಲಿ ಕೊಟ್ಟಿದ್ದು ಅಳತೆಗಲ್ಲ, ಅಂಗಿಗೆ. ನೀವು ಕೊಟ್ಟ ಬಟ್ಟೆಯೇ ಹರಿದಿದ್ದರೆ ಮಾತು ಬೇರೆ, ದರ್ಜಿಗೆ ಮನಸ್ಸು ಬದಲಾಗಿದ್ದರೆ ಬೇರೆ. ಫೀ ವಾಪಸಾತಿಯ ವಾದ ಪೂರ್ತಿ ನಿಂತಿರುವುದು ಈ ವ್ಯತ್ಯಾಸದ ಮೇಲೆ.

## ರದ್ದಾಗಿದ್ದು ಯಾರ ಕಾರಣದಿಂದ?

ಬ್ಯಾಂಕ್ ಮಂಜೂರಾತಿ ರದ್ದು ಮಾಡುವುದಕ್ಕೆ ಕಾರಣಗಳು ಹಲವು. ನಿಮ್ಮ ಬೇಡಿಕೆ ಎಷ್ಟು ಗಟ್ಟಿ ಎನ್ನುವುದು ಕಾರಣದ ಮೇಲೆ ನಿಂತಿದೆ.

ಅತ್ಯಂತ ಗಟ್ಟಿ ನೆಲೆ ಅಂದರೆ, ನಿಮ್ಮ ಕಡೆಯಿಂದ ಏನೂ ಬದಲಾಗದೆ ಬ್ಯಾಂಕ್ ತಾನಾಗಿಯೇ ಹಿಂದೆ ಸರಿದದ್ದು. ಆ ಬಗೆಯ ಸಾಲ ಕೊಡುವುದನ್ನು ನಿಲ್ಲಿಸಿದರು, ಒಳಗಿನ ಪಾಲಿಸಿ ಬದಲಾಯಿತು, ಆ ಬಡಾವಣೆ ಅಥವಾ ಬಿಲ್ಡರ್‌ಗೆ ಸಾಲ ಬೇಡ ಎಂದು ಮೇಲಿನಿಂದ ಸೂಚನೆ ಬಂತು, ಮಂಜೂರು ಮಾಡುವಾಗ ತಾವೇ ಲೆಕ್ಕ ತಪ್ಪಿದ್ದರು. ಇಲ್ಲೆಲ್ಲ ನೀವು ಹಣ ಕೊಟ್ಟ ಕೆಲಸ ಬ್ಯಾಂಕಿನ ಕಾರಣದಿಂದಲೇ ನಿಂತಿದೆ.

ಮಧ್ಯದ ನೆಲೆ ಅಂದರೆ ಆಸ್ತಿಯ ದೋಷ. ಆಸ್ತಿಯ ಮೇಲಿನ ಋಣಭಾರ ತೋರಿಸುವ ಇಸಿಯಲ್ಲಿ ಹಳೆಯ ಅಡಮಾನ ಕಾಣಿಸಿತು, ಖಾತಾ ಸರಿಯಿಲ್ಲ, ಮೂಲ ಪತ್ರದ ಒಂದು ಕೊಂಡಿ ತಪ್ಪಿದೆ ಎಂದು ವಕೀಲರು ಬರೆದರು. ದೋಷ ನಿಮ್ಮ ಆಸ್ತಿಯದೇ, ಆದ್ದರಿಂದ ಬ್ಯಾಂಕಿನ ಮಾತಿಗೂ ತೂಕ ಇದೆ. ಆದರೆ ಒಂದು ವಿಷಯ ಗಮನಿಸಿ. ಆ ಪತ್ರಗಳನ್ನು ನೀವು ಅರ್ಜಿಯ ಜೊತೆಗೇ ಕೊಟ್ಟಿದ್ದು, ಅವರು ನೋಡಿ ಪೂರ್ತಿ ಫೀ ತೆಗೆದುಕೊಂಡು ಮಂಜೂರು ಮಾಡಿದ್ದರೆ, ಪೂರ್ತಿ ಅಲ್ಲದಿದ್ದರೂ ಒಂದು ಭಾಗ ಕೇಳುವುದು ನ್ಯಾಯವೇ.

ದುರ್ಬಲ ನೆಲೆ ಅಂದರೆ ಕೆಲಸ ಬಿಟ್ಟಿದ್ದು, ನಡುವೆ ಬೇರೆ ಸಾಲ ಮಾಡಿದ್ದು, ಇಎಂಐ ತಪ್ಪಿ ಸಿಬಿಲ್ ಸ್ಕೋರ್ ಬಿದ್ದದ್ದು, ಇಲ್ಲವೇ ಊರ್ಜಿತ ಅವಧಿ ಮುಗಿಯುವವರೆಗೆ ಸಾಲ ತೆಗೆದುಕೊಳ್ಳದೇ ಇದ್ದದ್ದು. ಸುಳ್ಳು ದಾಖಲೆ ಕೊಟ್ಟಿದ್ದರಂತೂ ಕೇಳುವ ಮಾತೇ ಇಲ್ಲ.

ಇಮೇಲ್‌ನಲ್ಲಿ ಕಾರಣ ಬರೆದಿಲ್ಲ, ಸುಮ್ನೆ ‘ಇಂಟರ್ನಲ್ ಪಾಲಿಸಿ’ ಅಂದಿದ್ದಾರೆ ಅನ್ನಿ. ಆಗ ಮೊದಲ ಕೆಲಸ ಕಾರಣವನ್ನು ಬರಹದಲ್ಲಿ ಕೇಳುವುದು. ಫೋನಿನಲ್ಲಿ ಹೇಳಿದ್ದು ನಾಳೆ ಬದಲಾಗಬಹುದು. ಮೊದಲು ‘ಪಾಲಿಸಿ’ ಅಂದಿದ್ದು, ದೂರು ಕೊಟ್ಟ ಮೇಲೆ ‘ನಿಮ್ಮ ದಾಖಲೆ ಸರಿ ಇರಲಿಲ್ಲ’ ಎಂದಾಗುವುದಕ್ಕೆ ಅವಕಾಶ ಕೊಡಬಾರದು.

## ಆರ್‌ಬಿಐ ನಿಯಮ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಲ್ಲಿ ಸ್ವಲ್ಪ ಎಚ್ಚರ ಬೇಕು. ‘ಸಾಲ ಸಿಗದಿದ್ದರೆ ಫೀ ಪೂರ್ತಿ ವಾಪಸ್ ಕೊಡಲೇಬೇಕು ಎಂದು ಆರ್‌ಬಿಐ ಹೇಳಿದೆ’ ಎಂದು ಕೆಲವರು ಬರೆದುಬಿಡುತ್ತಾರೆ. ಹಾಗೆ ಅದು ಹೇಳಿಲ್ಲ. ಅದು ಹೇಳಿರುವುದು ಬೇರೆ, ಆದರೆ ನಿಮಗೆ ಉಪಯೋಗಕ್ಕೆ ಬರುವಂಥದ್ದೇ.

ಸಾಲ ಕೊಡುವವರು ಹೇಗೆ ನಡೆದುಕೊಳ್ಳಬೇಕು ಎಂಬ ‘ಫೇರ್ ಪ್ರಾಕ್ಟೀಸಸ್ ಕೋಡ್’ ಅನ್ನು ಆರ್‌ಬಿಐ 2003ರಲ್ಲಿ ತಂದಿತು. ಅದರ ಕೆಲವು ಅಂಶಗಳು ಮೊದಲು 2 ಲಕ್ಷದವರೆಗಿನ ಸಣ್ಣ ಸಾಲಗಳಿಗೆ ಮಾತ್ರ ಇದ್ದವು, 2007ರಲ್ಲಿ ಎಲ್ಲ ಸಾಲಗಳಿಗೂ ಬಂದವು. ಅದರಿಂದ ನಮಗೆ ಮೂರು ಮಾತು ಮುಖ್ಯ. ಒಂದು, ಪ್ರೊಸೆಸಿಂಗ್ ಫೀ ಎಷ್ಟು, ಅರ್ಜಿ ಒಪ್ಪದಿದ್ದರೆ ಅದರಲ್ಲಿ ಎಷ್ಟು ವಾಪಸ್ ಬರುತ್ತದೆ ಎಂಬುದು ಅರ್ಜಿ ಫಾರಂನಲ್ಲೇ ಇರಬೇಕು. ಆಮೇಲಿನ ಸೂಚನೆಗಳು ಇದನ್ನು ಇನ್ನೂ ಬಿಡಿಸಿ ಹೇಳಿದವು: ಸಾಲ ಮಂಜೂರಾಗದಿದ್ದರೆ ಅಥವಾ ಬಿಡುಗಡೆಯಾಗದಿದ್ದರೆ ಎಷ್ಟು ವಾಪಸ್ ಎಂಬುದನ್ನು ತಿಳಿಸಬೇಕು. ಎರಡು, ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ಕೊಡಬೇಕು. ಮೂರು, ಮಂಜೂರಾದ ಸಾಲವನ್ನು ಅದರ ಷರತ್ತುಗಳಂತೆ ಸಕಾಲಕ್ಕೆ ಬಿಡುಗಡೆ ಮಾಡಬೇಕು.

ಮೊದಲನೆಯ ಮಾತಿನಲ್ಲಿ ‘ಬಿಡುಗಡೆಯಾಗದಿದ್ದರೆ’ ಎಂಬುದು ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. ‘ಮಂಜೂರು ಮಾಡಿದ ಕೂಡಲೇ ನಮ್ಮ ಕೆಲಸ ಮುಗಿಯಿತು, ಫೀ ನಮ್ಮದು’ ಎಂದು ಬ್ಯಾಂಕ್ ಹೇಳಿದರೆ, ಮಂಜೂರಾಗಿ ಬಿಡುಗಡೆಯಾಗದ ಸಾಲಕ್ಕೂ ವಾಪಸ್ ಎಷ್ಟು ಎಂದು ಮೊದಲೇ ತಿಳಿಸಬೇಕಿತ್ತಲ್ಲವೇ, ಅದನ್ನು ಎಲ್ಲಿ ತಿಳಿಸಿದ್ದೀರಿ ಎಂದು ಕೇಳಬಹುದು.

ಅಂದರೆ ಆರ್‌ಬಿಐ ಹಾಕಿರುವುದು ತಿಳಿಸುವ ಹೊಣೆ. ‘ಒಂದು ರೂಪಾಯಿಯೂ ವಾಪಸ್ ಇಲ್ಲ’ ಎಂದು ಬ್ಯಾಂಕ್ ಸ್ಪಷ್ಟವಾಗಿ ಬರೆದು, ನೀವು ಸಹಿ ಹಾಕಿದ್ದರೆ ಬ್ಯಾಂಕಿನ ಕೈ ಸ್ವಲ್ಪ ಮೇಲಾಗುತ್ತದೆ. ಆದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಆ ಸಾಲು ಯಾವ ಸಂದರ್ಭಕ್ಕೆ ಬರೆದದ್ದು ಎಂದು ಓದಬೇಕು. ‘ಗ್ರಾಹಕರು ಸಾಲ ಬೇಡವೆಂದರೆ ಫೀ ವಾಪಸ್ ಇಲ್ಲ’ ಎಂದಿದ್ದರೆ, ಬ್ಯಾಂಕ್ ತಾನೇ ರದ್ದು ಮಾಡಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಈ ವ್ಯತ್ಯಾಸವನ್ನು ಬ್ರಾಂಚಿನವರು ಎಷ್ಟೋ ಸಲ ಗಮನಿಸಿಯೇ ಇರುವುದಿಲ್ಲ.

## ಕೆಎಫ್‌ಎಸ್ ಎಂಬ ಹಾಳೆಯನ್ನು ಹುಡುಕಿ

2024ರ ಅಕ್ಟೋಬರ್ 1ರಿಂದ ಮನೆ ಸಾಲವೂ ಸೇರಿದಂತೆ ಹೊಸ ರಿಟೇಲ್ ಸಾಲಗಳಿಗೆ ಹಾಗೂ ಸಣ್ಣ ಉದ್ದಿಮೆಗಳ ಟರ್ಮ್ ಲೋನ್‌ಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡುವುದು ಕಡ್ಡಾಯ. ಎಲ್ಲರೂ ಕೆಎಫ್‌ಎಸ್ ಅನ್ನುತ್ತಾರೆ. ಸಾಲದ ಮುಖ್ಯ ವಿವರಗಳನ್ನು ಒಂದೇ ಕಡೆ, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬುದು ನಿಯಮ.

ಅದರಲ್ಲಿ ಶುಲ್ಕಗಳ ಕೋಷ್ಟಕ ನೋಡಿ. ಎರಡು ಭಾಗ ಇರುತ್ತದೆ. ಒಂದರಲ್ಲಿ ಬ್ಯಾಂಕಿಗೇ ಸೇರುವ ಹಣ, ಇನ್ನೊಂದರಲ್ಲಿ ಬ್ಯಾಂಕಿನ ಮೂಲಕ ಹೊರಗಿನವರಿಗೆ ಹೋಗುವ ಹಣ. ಪ್ರೊಸೆಸಿಂಗ್ ಫೀ, ವಿಮೆ, ವ್ಯಾಲ್ಯುಯೇಷನ್ ಇವಕ್ಕೆಲ್ಲ ಬೇರೆ ಬೇರೆ ಸಾಲು. ನಿಮ್ಮ ಬೇಡಿಕೆಯ ಲೆಕ್ಕ ಇಲ್ಲಿಂದಲೇ ತೆಗೆಯಬಹುದು. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಬ್ಯಾಂಕ್ ಹಾಕುವಂತಿಲ್ಲ. ಹಾಗೆ ಹಾಕಿದ್ದು ಏನಾದರೂ ಕಂಡರೆ ಅದು ಬೇರೆಯೇ ಒಂದು ದೂರಿನ ಅಂಶ. ಹೊರಗಿನವರ ಪರವಾಗಿ ಬ್ಯಾಂಕ್ ವಸೂಲಿ ಮಾಡಿದ ಹಣಕ್ಕೆ ರಸೀದಿ ಕೊಡಬೇಕೆಂದೂ ನಿಯಮ ಇದೆ.

ಇದೇ ಹಾಳೆಯ ಎರಡನೇ ಭಾಗದಲ್ಲಿ ಬ್ಯಾಂಕಿನ ನೋಡಲ್ ದೂರು ಅಧಿಕಾರಿಯ ಫೋನ್, ಇಮೇಲ್ ಇರುತ್ತದೆ. ಕಸ್ಟಮರ್ ಕೇರ್‌ನಲ್ಲಿ ಗಂಟೆಗಟ್ಟಲೆ ಕಾಯುವ ಬದಲು ಅಲ್ಲಿಗೇ ಬರೆಯಬಹುದು.

## ಒಂದು ಲೆಕ್ಕ, ಒಂದು ಪತ್ರ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಒಬ್ಬ ಶಿಕ್ಷಕಿ ಫ್ಲ್ಯಾಟ್ ಕೊಳ್ಳಲು 40 ಲಕ್ಷ ಸಾಲ ಕೇಳಿದರು. ಪ್ರೊಸೆಸಿಂಗ್ ಫೀ ಶೇ 0.5, ಅಂದರೆ 20,000 ರೂಪಾಯಿ. ಜಿಎಸ್‌ಟಿ 3,600. ಎರಡೂ ಸೇರಿ 23,600. ವಕೀಲರ ವರದಿಗೂ ವ್ಯಾಲ್ಯುಯೇಷನ್‌ಗೂ ಎಲ್ಲ ಸೇರಿ 7,000. ಒಟ್ಟು 30,600 ರೂಪಾಯಿ 2025ರ ಜೂನ್ 10ರಂದು ಅವರ ಖಾತೆಯಿಂದ ಹೋಯಿತು. ಜೂನ್ 20ಕ್ಕೆ ಸ್ಯಾಂಕ್ಷನ್ ಲೆಟರ್ ಬಂತು, ಆರು ತಿಂಗಳು ಊರ್ಜಿತ. ವಕೀಲರ ವರದಿಯೂ ಸರಿಯಾಗಿಯೇ ಇತ್ತು. ಆಗಸ್ಟ್ 8ಕ್ಕೆ ಇಮೇಲ್: ‘ಬ್ಯಾಂಕಿನ ಪಾಲಿಸಿಯಂತೆ ಮಂಜೂರಾತಿ ಹಿಂಪಡೆಯಲಾಗಿದೆ.’

ಅವರ ಬೇಡಿಕೆಯನ್ನು ಎರಡು ಭಾಗ ಮಾಡಬೇಕು. 23,600 ಬ್ಯಾಂಕಿಗೆ ಸೇರಿದ್ದು, ಅದನ್ನು ಪೂರ್ತಿ ಕೇಳಬೇಕು. 7,000 ಬೇರೆಯವರಿಗೆ ಹೋದದ್ದು. ವಕೀಲರು ಪತ್ರ ಓದಿದ್ದಾರೆ, ವ್ಯಾಲ್ಯುಯರ್ ಸ್ಥಳ ನೋಡಿದ್ದಾರೆ. ಕೆಲಸ ಆಗಿರುವಾಗ ಇದು ವಾಪಸ್ ಬರುವುದು ಕಷ್ಟ. ಹಾಗೆಂದು ಬಿಡಬೇಕಿಲ್ಲ: ರಸೀದಿ ಕೇಳಿ, ವರದಿಗಳ ಪ್ರತಿ ಕೇಳಿ. ಕೆಲಸವೇ ನಡೆದಿರದಿದ್ದರೆ ಆ ಹಣವೂ ವಾಪಸ್ ಬರಬೇಕು. ಎರಡನ್ನೂ ಕಲಸಿ ‘30,600 ಕೊಡಿ’ ಎಂದು ಬರೆದರೆ, ‘ವಕೀಲರ ಫೀ ಕೊಟ್ಟಾಗಿದೆ’ ಎಂಬ ಒಂದು ಉತ್ತರದಲ್ಲಿ ಇಡೀ ಬೇಡಿಕೆಯನ್ನೇ ತಳ್ಳಿಹಾಕುವ ಸಾಧ್ಯತೆ ಇರುತ್ತದೆ.

ಪತ್ರ ಉದ್ದ ಬೇಡ. ಅವರು ಹೀಗೆ ಬರೆಯಬಹುದು:

‘ವಿಷಯ: ಬ್ಯಾಂಕ್ ಹಿಂಪಡೆದ ಮಂಜೂರಾತಿಯ ಪ್ರೊಸೆಸಿಂಗ್ ಫೀ ವಾಪಸ್ ಕೋರಿ ದೂರು.

ನನ್ನ ಗೃಹ ಸಾಲದ ಅರ್ಜಿ ಸಂಖ್ಯೆ ಇಂತಿಷ್ಟು. 10-06-2025ರಂದು ಪ್ರೊಸೆಸಿಂಗ್ ಫೀ 20,000 ಮತ್ತು ಜಿಎಸ್‌ಟಿ 3,600 ಕಟ್ಟಿದ್ದೇನೆ. 20-06-2025ರ ಮಂಜೂರಾತಿ ಪತ್ರ ಆರು ತಿಂಗಳು ಊರ್ಜಿತವಾಗಿತ್ತು. ಅದರ ಯಾವ ಷರತ್ತನ್ನೂ ನಾನು ಮುರಿದಿಲ್ಲ. ನನ್ನ ಉದ್ಯೋಗ, ಆದಾಯ, ದಾಖಲೆಗಳಲ್ಲಿ ಬದಲಾವಣೆ ಆಗಿಲ್ಲ. ಆದರೂ 08-08-2025ರಂದು ಬ್ಯಾಂಕ್ ತಾನಾಗಿಯೇ ಮಂಜೂರಾತಿ ಹಿಂಪಡೆದಿದೆ. ಸಾಲದ ಯಾವ ಭಾಗವೂ ಬಿಡುಗಡೆಯಾಗಿಲ್ಲ.

ಸಾಲ ಕೊಡುವ ಬಗ್ಗೆ ಬ್ಯಾಂಕ್ ತೆಗೆದುಕೊಂಡ ನಿರ್ಧಾರವನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ನನ್ನ ಕೋರಿಕೆ ಇಷ್ಟು: 23,600 ರೂಪಾಯಿಯನ್ನು ನನ್ನ ಖಾತೆಗೆ ಹಿಂದಿರುಗಿಸಿ. ಮಂಜೂರಾತಿ ಹಿಂಪಡೆದ ಕಾರಣವನ್ನು ಬರಹದಲ್ಲಿ ತಿಳಿಸಿ. ವಕೀಲರು ಮತ್ತು ವ್ಯಾಲ್ಯುಯರ್‌ಗೆ ಕೊಟ್ಟ 7,000 ರೂಪಾಯಿಯ ರಸೀದಿ ಮತ್ತು ಅವರ ವರದಿಗಳ ಪ್ರತಿ ಕೊಡಿ. ಫೀ ಕೊಡಲಾಗದು ಎಂದಾದರೆ, ನಾನು ಸಹಿ ಮಾಡಿದ ಯಾವ ದಾಖಲೆಯ ಯಾವ ಷರತ್ತಿನಂತೆ ಎಂದು ತಿಳಿಸಿ.’

ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ‘ಬ್ಯಾಂಕ್ ನಿಯಮ’ ಎಂಬ ಹಾರಿಕೆ ಉತ್ತರಕ್ಕೆ ಅದು ಜಾಗ ಕೊಡುವುದಿಲ್ಲ. ‘ದೂರು’ ಎಂಬ ಮಾತನ್ನೂ ಬಿಡಬೇಡಿ. ಬರೀ ಕೋರಿಕೆ ಪತ್ರ ಬ್ರಾಂಚಿನ ಫೈಲಿನಲ್ಲೇ ಕೂತುಬಿಡಬಹುದು. ದೂರು ಎಂದು ದಾಖಲಾಗಿ ಸಂಖ್ಯೆ ಬಂದರೆ, ಬ್ಯಾಂಕ್ ಉತ್ತರಕ್ಕೆ ಇರುವ 30 ದಿನದ ಲೆಕ್ಕ ಆ ದಿನದಿಂದ ಶುರು. ಬ್ರಾಂಚಿನಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದೇ ಪತ್ರವನ್ನು ಬ್ಯಾಂಕಿನ ದೂರು ಪೋರ್ಟಲ್‌ಗೂ ಹಾಕಿ.

## ಬ್ರಾಂಚ್ ಮ್ಯಾನೇಜರ್ ಯಾಕೆ ‘ನನ್ನ ಕೈಲಿಲ್ಲ’ ಅನ್ನುತ್ತಾರೆ

ಅವರು ಹೇಳುವುದು ಬಹುತೇಕ ನಿಜವೇ. ನೀವು ಕಟ್ಟಿದ ಫೀ ಬ್ಯಾಂಕಿನ ಪುಸ್ತಕದಲ್ಲಿ ಆದಾಯ ಎಂದು ಜಮಾ ಆಗಿರುತ್ತದೆ. ಅದನ್ನು ತಿರುಗಿಸಿ ಗ್ರಾಹಕರ ಖಾತೆಗೆ ಹಾಕಬೇಕಾದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ಎಷ್ಟೋ ಬ್ಯಾಂಕುಗಳಲ್ಲಿ ಸಾಲ ಮಂಜೂರು ಮಾಡುವುದು ಬ್ರಾಂಚ್ ಅಲ್ಲ, ಬೇರೆಡೆ ಇರುವ ಪ್ರೊಸೆಸಿಂಗ್ ಸೆಂಟರ್. ಹಾಗಾಗಿ ಪತ್ರವನ್ನು ಬ್ರಾಂಚಿಗೆ ಕೊಟ್ಟರೂ, ಸ್ಯಾಂಕ್ಷನ್ ಲೆಟರ್‌ಗೆ ಸಹಿ ಮಾಡಿದ ಕಚೇರಿಗೆ ಒಂದು ಪ್ರತಿ ಕಳಿಸಿ.

ಜಿಎಸ್‌ಟಿ ವಿಷಯದಲ್ಲಿ ಒಂದು ತೊಡಕು ಇದೆ. ಬ್ಯಾಂಕ್ 20,000 ವಾಪಸ್ ಕೊಟ್ಟು, ‘ತೆರಿಗೆ ಸರ್ಕಾರಕ್ಕೆ ಹೋಗಿದೆ, ಅದು ಬರಲ್ಲ’ ಅನ್ನಬಹುದು. ಆದರೆ ಫೀ ವಾಪಸ್ ಕೊಟ್ಟಾಗ ಬ್ಯಾಂಕ್ ಹಳೆಯ ಬಿಲ್‌ನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಮಾಡಿ, ತಾನು ಕಟ್ಟಿದ ತೆರಿಗೆಯನ್ನು ಸರಿಹೊಂದಿಸಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ ಗಡುವು ಉಂಟು: ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30. ನಮ್ಮ ಶಿಕ್ಷಕಿಯ ಫೀ 2025-26ನೇ ಸಾಲಿನದು, ಆದ್ದರಿಂದ 2026ರ ನವೆಂಬರ್ 30ರವರೆಗೆ. ಅದು ದಾಟಿದರೆ ಬ್ಯಾಂಕಿಗೆ ಆ 3,600 ತನ್ನ ಕೈಯಿಂದ ಹೋಗುತ್ತದೆ, ಆಗ ಕೊಡಲು ಹಿಂದೇಟು ಹಾಕುವುದು ಜಾಸ್ತಿ. ತಡಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

## 30 ದಿನ ಕಳೆದರೆ ಅಥವಾ ಉತ್ತರ ಸರಿ ಅನಿಸದಿದ್ದರೆ

ಬ್ಯಾಂಕಿಗೆ ದೂರು ಮುಟ್ಟಿ 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಇತ್ಯರ್ಥ ಮಾಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ಹಾಕಬೇಕು, ಶುಲ್ಕ ಇಲ್ಲ, ವಕೀಲರು ಬೇಡ. ಮಾಹಿತಿಗೆ 14448 ಸಂಖ್ಯೆ ಇದೆ. ಇಲ್ಲೂ ಕಾಲಮಿತಿ ಇರುವುದರಿಂದ 30 ದಿನ ಮುಗಿದ ಕೂಡಲೇ ಹಾಕಿಬಿಡಿ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಮೊದಲು ಬ್ಯಾಂಕಿನ ಒಳಗೇ ಇನ್ನೊಂದು ಜರಡಿ ಇರುತ್ತದೆ. ದೊಡ್ಡ ಬ್ಯಾಂಕುಗಳಲ್ಲಿ ‘ಇಂಟರ್ನಲ್ ಒಂಬುಡ್ಸ್‌ಮನ್’ ಇರುತ್ತಾರೆ. ಬ್ಯಾಂಕ್ ನಿಮ್ಮ ದೂರನ್ನು ಪೂರ್ತಿ ಅಥವಾ ಅರ್ಧ ತಿರಸ್ಕರಿಸುವ ಮುನ್ನ ಅವರ ಮುಂದೆ ಇಡಬೇಕು. ನೀವಾಗಿ ಅವರಿಗೆ ಬರೆಯುವಂತಿಲ್ಲ. ಬಂದ ಉತ್ತರದಲ್ಲಿ ಅವರು ನೋಡಿದ ಉಲ್ಲೇಖ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಆರ್‌ಬಿಐಗೆ ಬರೆಯುವಾಗ ಆ ಮಾತನ್ನೂ ಸೇರಿಸಿ.

ಈಗ ಮೊದಲು ಹೇಳಿದ ಎರಡು ಪ್ರಶ್ನೆಗಳ ವಿಷಯ. ಬ್ಯಾಂಕಿನ ವ್ಯಾವಹಾರಿಕ ನಿರ್ಧಾರದ ವಿರುದ್ಧದ ದೂರನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಯಾರಿಗೆ ಸಾಲ ಕೊಡಬೇಕು ಎಂಬುದು ಅಂಥದ್ದೇ ನಿರ್ಧಾರ. ‘ನನ್ನ ಸಾಲ ಅನ್ಯಾಯವಾಗಿ ರದ್ದು ಮಾಡಿದರು, ಮತ್ತೆ ಕೊಡಿಸಿ’ ಎಂದು ಬರೆದರೆ ದೂರು ಬಾಗಿಲಲ್ಲೇ ಮುಚ್ಚಿಹೋಗಬಹುದು. ‘ಸೇವೆ ಪೂರ್ತಿ ಕೊಡದೆ ಫೀ ಇಟ್ಟುಕೊಂಡಿದ್ದಾರೆ, ವಾಪಸಾತಿಯ ಷರತ್ತು ಮೊದಲು ತಿಳಿಸಿಲ್ಲ, ಕಾರಣ ಬರಹದಲ್ಲಿ ಕೊಟ್ಟಿಲ್ಲ’ ಎಂದು ಬರೆದರೆ ಅದು ಸೇವಾಲೋಪದ ದೂರು. ಪತ್ರದಲ್ಲಿ ‘ನಿರ್ಧಾರವನ್ನು ಪ್ರಶ್ನಿಸುತ್ತಿಲ್ಲ’ ಎಂಬ ಸಾಲು ಇಟ್ಟಿದ್ದು ಇದಕ್ಕೇ. ಹೊಟ್ಟೆ ಉರಿಯುತ್ತಿರುವಾಗ ಆ ಸಾಲು ಬರೆಯುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ಹಣ ವಾಪಸ್ ತರುವುದು ಆ ಸಾಲೇ.

ಸಾಲ ಕೊಟ್ಟದ್ದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಹೆಸರು ಬ್ಯಾಂಕಿನಂತೆಯೇ ಇದ್ದು ಕಂಪನಿ ಬೇರೆಯಾಗಿರುವುದು ಉಂಟು. ಸ್ಯಾಂಕ್ಷನ್ ಲೆಟರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಪೂರ್ತಿ ಹೆಸರು ಓದಿ.

## ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ

ಇದು ಇನ್ನೊಂದು ದಾರಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ನೀವು ಸೇವೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಬ್ಯಾಂಕಿನ ಹೆಡ್ ಆಫೀಸ್ ಮುಂಬೈಯಲ್ಲಿದ್ದರೂ ಪರವಾಗಿಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು. ಒಂದೇ ವಿಷಯವನ್ನು ಒಂಬುಡ್ಸ್‌ಮನ್ ಹತ್ತಿರವೂ ಆಯೋಗದಲ್ಲೂ ಒಟ್ಟಿಗೆ ನಡೆಸುವಂತಿಲ್ಲ. ಆಯೋಗದಲ್ಲಿ ಕೇಸ್ ಇದ್ದರೆ ಒಂಬುಡ್ಸ್‌ಮನ್ ಕೈಬಿಡುತ್ತಾರೆ.

ಬರೀ ಫೀ ಮಾತ್ರ ಬೇಕಿದ್ದರೆ ಒಂಬುಡ್ಸ್‌ಮನ್ ದಾರಿಯೇ ಮೊದಲು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಮಂಜೂರಾತಿ ನಂಬಿ ಕೊಟ್ಟ ಅಡ್ವಾನ್ಸ್ ಮುಳುಗಿದ್ದರೆ, ನಷ್ಟ ದೊಡ್ಡದಾಗಿದ್ದರೆ, ಸಾಕ್ಷಿ ವಿವರವಾಗಿ ನೋಡಬೇಕಾಗಿದ್ದರೆ ಆಯೋಗ ಮೇಲು. ಅಲ್ಲಿಗೆ ಹೋಗುವ ಮುನ್ನ ಮನೆ ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ತಾರೀಕು, ಅದು ಸ್ಯಾಂಕ್ಷನ್ ಲೆಟರ್‌ನ ನಂತರದ್ದೇ ಎಂಬುದು ಕೈಲಿರಬೇಕು. ಮಂಜೂರಾತಿಗೆ ಮೊದಲೇ ಕೊಟ್ಟ ಅಡ್ವಾನ್ಸ್ ಅನ್ನು ‘ಬ್ಯಾಂಕ್ ನಂಬಿ ಕೊಟ್ಟೆ’ ಎನ್ನಲು ಆಗುವುದಿಲ್ಲ. ವ್ಯಾಪಾರಕ್ಕೆ ತೆಗೆದ ಸಾಲವಾಗಿದ್ದರೆ, ನೀವು ‘ಗ್ರಾಹಕ’ರೇ ಅಲ್ಲ ಎಂದು ಬ್ಯಾಂಕ್ ವಾದಿಸುತ್ತದೆ. ಅಂಥಲ್ಲಿ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಸಕಾರಣವಿಲ್ಲದೆ ಒಂದು ಕಡೆಯವರು ಮಾತ್ರ ಕರಾರು ಮುರಿಯಬಹುದು ಎಂಬಂಥ ಷರತ್ತನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ಗಳ ಪಟ್ಟಿಯಲ್ಲಿ ಸೇರಿಸಿದೆ. ಷರತ್ತೇ ಅನ್ಯಾಯದ್ದು ಎಂದು ವಾದಿಸುವುದಾದರೆ ದೂರು ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ಸೇವಾಲೋಪ ಎಂದಷ್ಟೇ ಕೇಳಿದರೆ ಜಿಲ್ಲಾ ಆಯೋಗ ಸಾಕು.

## ಹಣ ಹೋದದ್ದು ಬ್ಯಾಂಕಿಗೇ ತಾನೇ?

ಎಲ್ಲಕ್ಕಿಂತ ಮೊದಲು ಪಾಸ್‌ಬುಕ್ ತೆಗೆದು ಇದನ್ನು ನೋಡಿಕೊಳ್ಳಿ. ಹಣ ಬ್ಯಾಂಕಿನ ಹೆಸರಿಗೆ ಹೋಗಿದೆಯೋ, ಮಧ್ಯವರ್ತಿ ಏಜೆಂಟರ ಖಾಸಗಿ ಖಾತೆಗೋ? ಏಜೆಂಟರಿಗೆ ಯುಪಿಐ ಮಾಡಿದ್ದರೆ ಅದು ಪ್ರೊಸೆಸಿಂಗ್ ಫೀ ಅಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಅದು ಇರುವುದೇ ಇಲ್ಲ. ಸ್ಯಾಂಕ್ಷನ್ ಲೆಟರೇ ನಕಲಿ ಆಗಿರಬಹುದು. ಬ್ರಾಂಚಿನಲ್ಲಿ ಅರ್ಜಿ ಸಂಖ್ಯೆ ಕೊಟ್ಟು ವಿಚಾರಿಸಿ. ಮೋಸ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

## ಫೀ ಬಂದ ಮೇಲೂ ಬಾಕಿ ಇರುವುದು

ಹಣ ಜಮಾ ಆದಾಗ ಮೊತ್ತ ನೋಡಿ. ಶಿಕ್ಷಕಿಗೆ 20,000 ಮಾತ್ರ ಬಂದಿದ್ದರೆ ಜಿಎಸ್‌ಟಿಯ ಕ್ರೆಡಿಟ್ ನೋಟ್ ಕೇಳಿ ಇನ್ನೊಂದು ಇಮೇಲ್ ಹಾಕಬೇಕು. ‘ಪೂರ್ತಿ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಕೇಳಿದರೆ, ಒಪ್ಪಿದ ಮೊತ್ತ ಪೂರ್ತಿ ಬರುವವರೆಗೆ ಹಾಕಬೇಡಿ.

ಮೂಲ ಕ್ರಯಪತ್ರ ಮುಂತಾದವನ್ನು ಕೊಟ್ಟಿದ್ದರೆ, ಕೊಟ್ಟಾಗ ಪಡೆದ ಪಟ್ಟಿಯೊಂದಿಗೆ ತಾಳೆ ನೋಡಿ ವಾಪಸ್ ಪಡೆಯಿರಿ. ಸಹಿ ಮಾಡಿದ ಖಾಲಿ ಚೆಕ್ಕುಗಳು, ಇಎಂಐ ಖಾತೆಯಿಂದ ತಾನಾಗಿಯೇ ಕಡಿತವಾಗಲು ಕೊಟ್ಟ ನಾಚ್ ಮ್ಯಾಂಡೇಟ್ ಕೂಡ ರದ್ದಾಗಬೇಕು. ಮ್ಯಾಂಡೇಟ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ವಿಚಾರಿಸಿ.

ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಯಿರಿ. ಬ್ಯಾಂಕ್ ವಿಚಾರಣೆ ಮಾಡಿದ ಗುರುತು ಇರುತ್ತದೆ, ಅದು ಸಹಜ. ಆದರೆ 40 ಲಕ್ಷದ ಸಾಲ ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿದ್ದರೆ, ಬೇರೆ ಬ್ಯಾಂಕಿನಲ್ಲಿ ಕೇಳುವ ಹೊಸ ಸಾಲಕ್ಕೆ ಅಡ್ಡಿಯಾಗುತ್ತದೆ. ಆಗ ಬ್ಯಾಂಕಿಗೂ ಸಿಬಿಲ್‌ಗೂ ತಿದ್ದುಪಡಿ ಕೋರಿ ಬರೆಯಿರಿ. ದೂರು ಕೊಟ್ಟು 30 ದಿನದೊಳಗೆ ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ ಇದೆ.